ಗೋಡೆಯ ಮೇಲಿನ ಲೆಕ್ಕಪುಸ್ತಕ: ತಂಜಾವೂರಿನ ದೇವಾಲಯವೂ ಚೋಳರ ಆಡಳಿತವೂ

ಎಲ್ಲರಿಗೂ ನಮಸ್ಕಾರ. ಮಧ್ಯಯುಗದ ದಕ್ಷಿಣದ ರಾಜ್ಯಗಳಲ್ಲಿ ದೇವಾಲಯದ ಹಣಕಾಸು ಹೇಗೆ ನಡೆಯುತ್ತಿತ್ತು, ಅದಕ್ಕೂ ರಾಜನ ಆಡಳಿತಕ್ಕೂ ಏನು ಸಂಬಂಧ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಪಲ್ಲವರಿಂದ ವಿಜಯನಗರದವರೆಗೆ ಓಡಿಬಿಡಬಹುದು. ಆದರೆ ಹಾಗೆ ಓಡಿದರೆ ಯಾವ ಊರಿನಲ್ಲೂ ಇಳಿದಂತೆ ಆಗುವುದಿಲ್ಲ. ಆದ್ದರಿಂದ ಒಂದೇ ದೇವಾಲಯದ ಮುಂದೆ ನಿಲ್ಲೋಣ. ನಾವು ಬೃಹದೀಶ್ವರ ಎಂದು ಕರೆಯುವ, ಕಟ್ಟಿಸಿದವನು ರಾಜರಾಜೇಶ್ವರ ಎಂದು ಹೆಸರಿಟ್ಟ, ತಂಜಾವೂರಿನ ದೊಡ್ಡ ಗುಡಿ ಅದು. ಅಲ್ಲಿಗೆ ಹೋದವರೆಲ್ಲ ತಲೆಯೆತ್ತಿ ಗರ್ಭಗುಡಿಯ ಮೇಲೇರಿದ ವಿಮಾನವೆಂಬ ಶಿಖರವನ್ನು ನೋಡುತ್ತಾರೆ. ನಾನು ನಿಮ್ಮನ್ನು ಸ್ವಲ್ಪ ಬಗ್ಗಿ ನೋಡಿ ಎಂದು ಕೇಳಿಕೊಳ್ಳುತ್ತೇನೆ. ವಿಮಾನದ ಅಧಿಷ್ಠಾನದ, ಎಂದರೆ ಅದು ನಿಂತ ಕಟ್ಟೆಯ ಸುತ್ತ, ಸೊಂಟದ ಮಟ್ಟಕ್ಕೆ ಬರುವ ಕಲ್ಲಿನ ಮೇಲೆ, ಸಾಲುಸಾಲಾಗಿ ತಮಿಳು ಅಕ್ಷರಗಳಿವೆ. ಅದು ದೇವರ ಸ್ತೋತ್ರವಲ್ಲ. ಅದು ಲೆಕ್ಕ.

ಆ ಬರವಣಿಗೆ ಹೇಗೆ ಶುರುವಾಯಿತು ಎಂಬುದನ್ನೂ ಕಲ್ಲೇ ಹೇಳುತ್ತದೆ. ರಾಜರಾಜ ಚೋಳನು ಪಟ್ಟಕ್ಕೆ ಬಂದದ್ದು 985ರಲ್ಲಿ. ಅವನ ಆಳ್ವಿಕೆಯ 26ನೆಯ ವರ್ಷದ 20ನೆಯ ದಿನ, ಎಂದರೆ 1010ರಲ್ಲಿ, ತಂಜಾವೂರಿನ ಅರಮನೆಯ ಇರುಮಡಿಚೋಳನ್ ಎಂಬ ಮಂಟಪದ ಪೂರ್ವಕ್ಕಿದ್ದ ಸ್ನಾನಶಾಲೆಯಲ್ಲಿ ಕುಳಿತು ಅವನು ಆಜ್ಞೆ ಮಾಡಿದನು. ನಾವು ಕಟ್ಟಿಸಿದ ಕಲ್ಲಿನ ಗುಡಿಯ ದೇವರಿಗೆ ನಾವು ಕೊಟ್ಟದ್ದು, ಅಕ್ಕ ಕೊಟ್ಟದ್ದು, ನಮ್ಮ ಹೆಂಗಸರು ಕೊಟ್ಟದ್ದು, ಮತ್ತೆ ಕೊಟ್ಟವರು ಕೊಟ್ಟದ್ದು, ಎಲ್ಲವನ್ನೂ ವಿಮಾನದ ಕಲ್ಲಿನ ಮೇಲೆ ಕೆತ್ತಿಸಿ ಎಂದು. ತಮಿಳು ಮೂಲದಲ್ಲಿ ‘ಅಕ್ಕನ್’ ಎಂದೇ ಇದೆ. ನಮ್ಮ ‘ಅಕ್ಕ’ನೇ ಅದು. ಆ ಅಕ್ಕ ಕುಂದವೈ. ‘ಇರುಮಡಿ’ ಎಂಬ ಹೆಸರನ್ನು ಕೇಳಿದಾಗಲೂ ನಮ್ಮ ‘ಇಮ್ಮಡಿ’ ನೆನಪಾಗುತ್ತದೆ. ಸ್ನಾನದ ಮನೆಯಲ್ಲಿ ಹುಟ್ಟಿದ ಈ ಒಂದು ವಾಕ್ಯದಿಂದಾಗಿ, ಸಾವಿರ ವರ್ಷದ ಹಿಂದಿನ ಒಂದು ದೇವಾಲಯದ ವ್ಯವಹಾರವು ದಕ್ಷಿಣ ಭಾರತದ ಬೇರೆ ಯಾವ ದೇವಾಲಯಕ್ಕಿಂತಲೂ ವಿವರವಾಗಿ ನಮಗೆ ದೊರೆತಿದೆ.

ಇಷ್ಟು ದೊಡ್ಡ ಸಂಸ್ಥೆಗೆ ಬಂಡವಾಳ ಎಲ್ಲಿಂದ ಬಂತು? ಒಂದು ಉತ್ತರ ನಮಗೆ, ಕನ್ನಡಿಗರಿಗೆ, ಹತ್ತಿರದ್ದು. ಗೋಡೆಯಲ್ಲಿ ರಾಜರಾಜನು ದೇವರ ಪಾದಕ್ಕೆ ಅರ್ಪಿಸಿದ ಚಿನ್ನದ ಹೂವುಗಳ ಉಲ್ಲೇಖವಿದೆ. ಸತ್ಯಾಶ್ರಯನನ್ನು ಗೆದ್ದು ಮರಳಿದಾಗ ಕೊಟ್ಟವು ಅವು. ಸತ್ಯಾಶ್ರಯ ನಮ್ಮ ಚಾಲುಕ್ಯ ಅರಸ. ಆ ದಂಡಯಾತ್ರೆಯ ಇನ್ನೊಂದು ಮುಖ ಹಾವೇರಿ ಜಿಲ್ಲೆಯ ಹೊತ್ತೂರಿನ ಶಾಸನದಲ್ಲಿದೆ. ಅದು ಶಕ 929, ಎಂದರೆ 1007ರ ಸುಮಾರಿನದು. ‘ನೂರ್ಮಡಿ ಚೋಳ’ನು ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನು ಸೂರೆಗೊಂಡದ್ದನ್ನು, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಂದದ್ದನ್ನು ಅದು ಹೇಳುತ್ತದೆ. ಒಂಬತ್ತು ಲಕ್ಷ ಎಂಬುದು ಶಾಸನಕವಿಯ ಲೆಕ್ಕವಿರಬಹುದು, ನೋವು ಮಾತ್ರ ಲೆಕ್ಕ ಹೆಚ್ಚಿಸಿ ಹೇಳಿದ್ದಲ್ಲ. ಒಂದು ಕಲ್ಲಿನಲ್ಲಿ ಸೂರೆಹೋದ ನಾಡು, ಇನ್ನೊಂದರಲ್ಲಿ ಚಿನ್ನದ ಹೂವು. ತಂಜಾವೂರಿನ ಗೋಡೆಯನ್ನು ಓದುವಾಗಲೆಲ್ಲ ನಾನು ಹೊತ್ತೂರನ್ನು ಮರೆಯದಿರಲು ಪ್ರಯತ್ನಿಸುತ್ತೇನೆ.

ಆದರೆ ಚೋಳರ ದೇವಾಲಯಗಳು ಸೂರೆಯಿಂದ ನಡೆದವು ಎಂದು ಹೇಳಿ ಮುಗಿಸಿದರೆ ತಪ್ಪಾಗುತ್ತದೆ. ಸೂರೆ ಒಂದು ಸಲ ಬರುತ್ತದೆ. ದೀಪಕ್ಕೆ ತುಪ್ಪ ದಿನವೂ ಬೇಕು, ನೈವೇದ್ಯಕ್ಕೆ ಅಕ್ಕಿ ದಿನವೂ ಬೇಕು. ಒಮ್ಮೆ ಬಂದ ಸಂಪತ್ತನ್ನು ಎಂದೆಂದಿಗೂ ಹರಿಯುವ ದಿನದ ಆದಾಯವಾಗಿ ಮಾಡುವುದು ಹೇಗೆ ಎಂಬುದೇ ಈ ದೇವಾಲಯದ ಮುಂದಿದ್ದ ಪ್ರಶ್ನೆ. ಗೋಡೆಯ ಬಹುಪಾಲು ಬರಹ ಆ ಪ್ರಶ್ನೆಗೆ ಕಂಡುಕೊಂಡ ಉತ್ತರ.

ದೀಪದಿಂದಲೇ ಹೊರಡೋಣ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ದತ್ತಿ ಬಿಡುವಾಗ ಗಾಣದ ಎಣ್ಣೆಯನ್ನು ಬಿಡುವುದು ಸಾಮಾನ್ಯ. ತಂಜಾವೂರಿನಲ್ಲಿ ತುಪ್ಪ. ಒಂದು ನಂದಾದೀಪಕ್ಕೆ ದಿನಕ್ಕೆ ಒಂದು ಉಳಕ್ಕು ತುಪ್ಪ, ಎಂದರೆ ಕಾಲು ನಾಳಿ. ಅಳೆಯಬೇಕಾದದ್ದು ‘ಆಡವಲ್ಲಾನ್’ ಎಂಬ ಅಳತೆಯಿಂದ. ಕುಣಿಯಬಲ್ಲವನು ಎಂದು ಆ ಮಾತಿನ ಅರ್ಥ. ಅಳತೆಯ ಪಾತ್ರೆಗೂ ನಟರಾಜನ ಹೆಸರು. ಆ ಉಳಕ್ಕು ತುಪ್ಪಕ್ಕಾಗಿ ಗೊಲ್ಲನೊಬ್ಬನಿಗೆ 96 ಹೆಣ್ಣು ಕುರಿಗಳನ್ನು ಒಪ್ಪಿಸುತ್ತಿದ್ದರು. ಕುರಿ ಇಲ್ಲದಿದ್ದರೆ 48 ಹಸು. ಅದೂ ಇಲ್ಲದಿದ್ದರೆ 16 ಎಮ್ಮೆ. ಎಂದರೆ ಒಂದು ಹಸುವಿಗೆ ಎರಡು ಕುರಿ ಸಮ, ಒಂದು ಎಮ್ಮೆಗೆ ಆರು ಕುರಿ ಸಮ.

ಈ ದರ ಬರೀ ಮಾತಿನದಾಗಿತ್ತೇ, ನಿಜವಾಗಿ ಬಳಕೆಯಲ್ಲಿತ್ತೇ ಎಂದು ಪರೀಕ್ಷಿಸಬಹುದು. ರಾಜನು ದೀಪಗಳಿಗೆಂದು ಕೊಟ್ಟ ಜಾನುವಾರುಗಳು 2832 ಹಸು, 1644 ಕುರಿ, 30 ಎಮ್ಮೆ. ಮೊದಲ ನೋಟಕ್ಕೆ ಇವು ಅಡ್ಡಾದಿಡ್ಡಿ ಸಂಖ್ಯೆಗಳು. ಈಗ ಭಾಗಿಸಿ ನೋಡಿ. 2832 ಹಸುಗಳಿಗೆ ಸರಿಯಾಗಿ 59 ದೀಪ. 1644 ಕುರಿಗಳಲ್ಲಿ 17 ದೀಪಗಳಿಗೆ 1632 ಹೋಗಿ 12 ಕುರಿ ಉಳಿಯುತ್ತವೆ. 30 ಎಮ್ಮೆಗಳಲ್ಲಿ ಒಂದು ದೀಪಕ್ಕೆ 16 ಹೋಗಿ 14 ಉಳಿಯುತ್ತವೆ, ಇನ್ನೊಂದು ದೀಪಕ್ಕೆ ಎರಡು ಎಮ್ಮೆ ಕಡಮೆ. ಆ ಉಳಿದ 12 ಕುರಿಗಳು ಎಷ್ಟು ಎಮ್ಮೆಗೆ ಸಮ? ಸರಿಯಾಗಿ ಎರಡಕ್ಕೆ. ಒಟ್ಟು 78 ದೀಪ, ಒಂದು ಕುರಿಯೂ ಹೆಚ್ಚಿಲ್ಲ, ಕಡಮೆಯಿಲ್ಲ. ಮೊದಲ ಬಾರಿ ಕಾಗದದ ಮೇಲೆ ಈ ಲೆಕ್ಕ ಕೂಡಿಬಂದಾಗ ನನಗೆ ಸಾವಿರ ವರ್ಷದ ಹಿಂದಿನ ಒಬ್ಬ ಕರಣಿಕನ ಪಕ್ಕದಲ್ಲಿ ಕುಳಿತಂತಾಯಿತು.

96 ಕುರಿಗಳಿಂದ ದಿನಕ್ಕೆ ಕಾಲು ನಾಳಿ ತುಪ್ಪ ಎಂದರೆ ಗೊಲ್ಲನಿಗೆ ಹೊರೆಯೇ? ಎಲ್ಲ ಕುರಿಗಳೂ ಒಟ್ಟಿಗೆ ಹಾಲು ಕೊಡುವುದಿಲ್ಲ. ಈದವು ಕೆಲವು, ಗಬ್ಬವಾದವು ಕೆಲವು, ಬತ್ತಿದವು ಕೆಲವು. ಅದಕ್ಕಾಗಿಯೇ ಹಿಂಡು ಇಷ್ಟು ದೊಡ್ಡದು. ತುಪ್ಪವನ್ನು ಅಳೆದುಕೊಟ್ಟ ಮೇಲೆ ಮಿಕ್ಕ ಹಾಲು, ಮರಿಗಳು, ಗೊಬ್ಬರ ಅವನದು. ಹಿಂಡು ಬೆಳೆದರೆ ಬೆಳೆದ ಭಾಗ ಅವನದು. ಆದರೆ ಹಿಂಡು ಕರಗಿದರೆ? ಇಲ್ಲಿಯೇ ಚೋಳರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸೊಗಸಾದ, ಕಠಿಣವಾದ ಮಾತಿದೆ: ‘ಸಾವಾ ಮೂವಾ ಪೇರಾಡು’. ಸಾಯದ, ಮುಪ್ಪಾಗದ ಹಿರಿಯ ಕುರಿ. ಕುರಿ ಸಾಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ಮಾತ್ರ ಅದು ಸಾಯುವ ಹಾಗಿಲ್ಲ. ಸತ್ತ ಕುರಿಯ ಜಾಗಕ್ಕೆ ಮರಿಯನ್ನು ಬೆಳೆಸಿ 96ನ್ನು 96 ಆಗಿಯೇ ಉಳಿಸಿಕೊಳ್ಳುವುದು ಗೊಲ್ಲನ ಹೊಣೆ. ರೋಗ ಬಂದು ಹಿಂಡು ನಾಶವಾದರೂ ತುಪ್ಪದ ಬಾಕಿ ಮುಂದುವರಿಯುತ್ತದೆ. ಲಾಭದ ಜೊತೆಗೆ ಅಪಾಯವೂ ಪೂರ್ತಿ ಅವನ ತಲೆಯ ಮೇಲೆ. ತಂಜಾವೂರಿನ ಗೋಡೆಯಲ್ಲಿ ಗೊಲ್ಲನ ಹೆಸರಿನ ಜೊತೆಗೆ ಅವನ ನೆಂಟರ ಹೆಸರುಗಳೂ ಬರುವುದು ಅದಕ್ಕೇ. ಒಬ್ಬನ ಕೈ ಸೋತರೆ ಇನ್ನೊಬ್ಬನು ಹೊರಬೇಕು.

ಜಾನುವಾರು ಇಲ್ಲದವರು ಕಾಶು ಕೊಡುತ್ತಿದ್ದರು. ಕಾಶು ಅಂದಿನ ನಾಣ್ಯ. ಒಂದು ಕಾಶಿಗೆ ಮೂರು ಕುರಿಯಂತೆ 32 ಕಾಶು ಕೊಟ್ಟರೆ ಒಂದು ದೀಪ. ದೇವಾಲಯವು ಆ ಹಣವನ್ನು ಭಂಡಾರದಲ್ಲಿ ಇಟ್ಟುಕೊಳ್ಳದೆ ಕುರಿಯಾಗಿ ಮಾಡಿ ಗೊಲ್ಲನಿಗೆ ವಹಿಸುತ್ತಿತ್ತು. ಸಂಪತ್ತು ಗುಡಿಯ ಒಳಗೆ ಕೂಡಿಬಿದ್ದಿತ್ತು ಎಂಬ ನಮ್ಮ ಕಲ್ಪನೆ ಇಲ್ಲಿ ಒಡೆಯುತ್ತದೆ. ಒಡವೆ, ಪಾತ್ರೆ, ವಿಗ್ರಹಗಳು ಒಳಗಿದ್ದವು, ನಿಜ. ದುಡಿಯುವ ಬಂಡವಾಳವೆಲ್ಲ ಹೊರಗೆ, ಹಳ್ಳಿಗಳಲ್ಲಿ ಮೇಯುತ್ತಿತ್ತು.

ನೈವೇದ್ಯದ ವ್ಯವಸ್ಥೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಕ್ಕ ಕುಂದವೈ ಈ ದೇವಾಲಯದಲ್ಲಿ ತನ್ನ ತಂದೆ ಸುಂದರ ಚೋಳನ ಹಾಗೂ ತಾಯಿಯ ವಿಗ್ರಹಗಳನ್ನು ಸ್ಥಾಪಿಸಿದಳು. ಕಲ್ಲಿನಲ್ಲಿ ತಂದೆಗೆ ‘ಪೊನ್ಮಾಳಿಗೈ ತುಂಜಿನ ದೇವರ್’ ಎಂದು ಹೆಸರು, ಹೊನ್ನಿನ ಮಾಳಿಗೆಯಲ್ಲಿ ಕಣ್ಣುಮುಚ್ಚಿದ ದೇವರು. ತೀರಿಕೊಂಡ ತಂದೆಯ ಮುಂದೆ ದಿನವೂ ಅನ್ನ ಇಡಬೇಕು. ಅದಕ್ಕಾಗಿ ಅವಳು ಹಳ್ಳಿಯ ಸಭೆಗಳಿಗೆ ಕಾಶುಗಳನ್ನು ಬಡ್ಡಿಗೆ ಕೊಟ್ಟಳು. ಬಡ್ಡಿಯ ದರ ವರ್ಷಕ್ಕೆ ಕಾಶಿಗೆ ಎಂಟರಲ್ಲಿ ಒಂದು ಪಾಲು, ನಮ್ಮ ಇಂದಿನ ಮಾತಿನಲ್ಲಿ ಶೇಕಡಾ ಹನ್ನೆರಡೂವರೆ. ಭತ್ತದಲ್ಲಿ ಕೊಡುವುದಾದರೆ ಕಾಶಿಗೆ ಮೂರು ಕುರುಣಿ. ಎರಡು ಕಲಂ ಭತ್ತಕ್ಕೆ ಒಂದು ಕಾಶು ಎಂಬುದು ಆಗಿನ ಬೆಲೆ. ಕಲಮಿಗೆ 12 ಕುರುಣಿ. ಆದ್ದರಿಂದ ಕಾಶಿಗೆ 24 ಕುರುಣಿ ಭತ್ತ, ಅದರ ಎಂಟನೆಯ ಒಂದು ಪಾಲು ಮೂರು ಕುರುಣಿ. ಎರಡೂ ದರ ಒಂದೇ.

ಗೋಡೆಯ ದರಗಳನ್ನೇ ಹಿಡಿದು ನಾನೊಂದು ಸಣ್ಣ ಲೆಕ್ಕ ಮಾಡಿ ತೋರಿಸುತ್ತೇನೆ. ದೇವರ ಮುಂದೆ ದಿನಕ್ಕೆ ಎರಡು ನಾಳಿ ಅಕ್ಕಿಯ ಅನ್ನ ಇಡಬೇಕು ಎಂದುಕೊಳ್ಳಿ. ಎರಡು ನಾಳಿ ಅಕ್ಕಿಗೆ ಐದು ನಾಳಿ ಭತ್ತ ಕುಟ್ಟಬೇಕು ಎಂದು ಶಾಸನ ಹೇಳುತ್ತದೆ. ವರ್ಷಕ್ಕೆ 360 ದಿನ ಹಿಡಿದರೆ 1800 ನಾಳಿ ಭತ್ತ. ಎಂಟು ನಾಳಿಗೆ ಒಂದು ಕುರುಣಿಯಂತೆ 225 ಕುರುಣಿ. ಕಾಶಿಗೆ ಮೂರು ಕುರುಣಿ ಬಡ್ಡಿ ಬರುವಾಗ 225 ಕುರುಣಿಗೆ ಎಷ್ಟು ಅಸಲು ಬೇಕು? 75 ಕಾಶು. ಹೀಗೆ ದಾನಿಯು ತಟ್ಟೆಯಲ್ಲಿ ಬೀಳುವ ಅನ್ನದಿಂದ ಹಿಂದಕ್ಕೆ ಎಣಿಸುತ್ತ ಹೋಗಿ ಅಸಲನ್ನು ಕಂಡುಹಿಡಿಯಬೇಕು. ಬೇಳೆ, ತುಪ್ಪ, ಮೊಸರು, ಅಡಿಕೆ, ವೀಳ್ಯದೆಲೆಗೂ ಹೀಗೆಯೇ. ತೀರ್ಥಕ್ಕೆ ಹಾಕುವ ಏಲಕ್ಕಿ, ಸಂಪಿಗೆ ಮೊಗ್ಗು, ಲಾವಂಚದ ಬೇರಿಗೂ ಪ್ರತ್ಯೇಕ ಅಸಲು ಇತ್ತು.

ಈ ಸಾಲದಲ್ಲಿ ಒಂದು ವಿಚಿತ್ರ ಗುಣವಿದೆ. ಅಸಲನ್ನು ಯಾರೂ ಎಂದೂ ಕೇಳುವುದಿಲ್ಲ. ಎಂಟು ವರ್ಷಕ್ಕೆ ಬಡ್ಡಿಯೇ ಅಸಲಿನಷ್ಟಾಗುತ್ತದೆ. ಆ ಮೇಲೂ ಬಡ್ಡಿ ನಿಲ್ಲುವುದಿಲ್ಲ. ‘ಚಂದ್ರಾದಿತ್ಯರು ಇರುವವರೆಗೆ’ ಎಂದು ನಮ್ಮ ಶಾಸನಗಳಲ್ಲಿ ಓದುತ್ತೇವಲ್ಲ, ಆ ಮಾತು ಇಲ್ಲಿ ಅಲಂಕಾರವಲ್ಲ, ಕರಾರಿನ ಅವಧಿ. ಹಳ್ಳಿಯ ಸಭೆಗೆ ಇದು ಲಾಭವೋ ನಷ್ಟವೋ? ಹಣವನ್ನು ಕೆರೆಯ ಹೂಳೆತ್ತಲು, ಬೀಳು ಬಿದ್ದ ನೆಲವನ್ನು ಗದ್ದೆ ಮಾಡಲು ಹಾಕಿ ಇಳುವರಿ ಹೆಚ್ಚಿಸಿಕೊಂಡರೆ ಲಾಭ. ಹಂಚಿಕೊಂಡು ತಿಂದರೆ ಮೊಮ್ಮಕ್ಕಳ ಕಾಲಕ್ಕೆ ಅದು ಬರೀ ಕಂದಾಯವಾಗಿ ಉಳಿಯುತ್ತದೆ. ನನ್ನ ಅಭಿಪ್ರಾಯವನ್ನು ಕೇಳಿದರೆ, ಈ ಸಾಲವು ಹಳ್ಳಿಗಳು ಅರಸಿಕೊಂಡು ಬಂದ ಸಾಲವಾಗಿರಲಿಲ್ಲ. ನೀರಾವರಿಯ ಊರಿಗೂ ಸಾಧಾರಣ ಊರಿಗೂ, ದೊಡ್ಡ ಮೊತ್ತಕ್ಕೂ ಚಿಕ್ಕದಕ್ಕೂ ಒಂದೇ ದರ ಇರಬೇಕಾದರೆ ಅದರ ಹಿಂದೆ ಕೊಳ್ಳುವವನ ಮತ್ತು ಕೊಡುವವನ ಚೌಕಾಸಿ ಇಲ್ಲ, ಮೇಲಿನಿಂದ ಬಂದ ಮಾತು ಇದೆ. ಅರಮನೆಯವರು ‘ಇಟ್ಟುಕೊಳ್ಳಿ’ ಎಂದಾಗ ಸಭೆ ‘ಬೇಡ’ ಎನ್ನುವುದು ಸುಲಭವಾಗಿರಲಾರದು.

ಇಲ್ಲಿಂದ ಆಡಳಿತದ ಕಡೆಗೆ ತಿರುಗುತ್ತೇನೆ. ರಾಜನು ದೇವಾಲಯಕ್ಕೆ ಊರುಗಳನ್ನು ಕೊಟ್ಟನು ಎಂದು ನಾವು ಹೇಳುತ್ತೇವೆ. ಚೋಳಮಂಡಲದಲ್ಲಿ ಮಾತ್ರವಲ್ಲ, ಸಮುದ್ರದಾಚೆಯ ಈಳದಲ್ಲೂ, ಎಂದರೆ ಶ್ರೀಲಂಕಾದಲ್ಲೂ, ಈ ದೇವರಿಗೆ ಊರುಗಳಿದ್ದವು. ಆದರೆ ‘ಕೊಟ್ಟನು’ ಎಂಬ ಮಾತಿನ ಅರ್ಥವೇನು? ಒಕ್ಕಲುಗಳನ್ನು ಎಬ್ಬಿಸಿ ನೆಲವನ್ನು ಅರ್ಚಕರ ಕೈಗೆ ಕೊಟ್ಟನೆಂದಲ್ಲ. ಸಾಗುವಳಿ ಮಾಡುವವರು ಅಲ್ಲೇ ಇದ್ದರು, ಊರಿನ ಸಭೆಯೂ ಅಲ್ಲೇ ಇತ್ತು. ಬದಲಾದದ್ದು ಭತ್ತದ ಗಾಡಿ ಹೋಗುವ ದಿಕ್ಕು. ಅರಸನ ಕಣಜಕ್ಕೆ ಸಲ್ಲುತ್ತಿದ್ದ ‘ಕಾಣಿಕ್ಕಡನ್’ ಎಂಬ ಕಂದಾಯ ದೇವರ ಕಣಜಕ್ಕೆ ತಿರುಗಿತು.

ಆ ಕಂದಾಯವನ್ನು ಎಣಿಸಿದ ಕ್ರಮವನ್ನು ಗೋಡೆಯಲ್ಲಿ ಓದಿ ನೋಡಬೇಕು. ಪ್ರತಿ ಊರಿಗೂ ಮೊದಲು ಅಳತೆ ಮಾಡಿದ ಒಟ್ಟು ನೆಲ. ಅದರಿಂದ ಕಳೆಯಬೇಕಾದದ್ದು ಮನೆಗಳಿರುವ ಊರ ನತ್ತ, ಗುಡಿಗಳು, ಕೆರೆ, ಊರ ಮೂಲಕ ಹಾದು ಬೇರೆ ಊರಿಗೆ ಹೋಗುವ ಕಾಲುವೆ, ಕಮ್ಮಾರರ ಕೇರಿ, ಪರೆಯರ ಕೇರಿ, ಸುಡುಗಾಡು. ಇವು ಬೆಳೆ ಕೊಡದ ನೆಲ, ಇವಕ್ಕೆ ಕಂದಾಯವಿಲ್ಲ. ಉಳಿದ ನೆಲಕ್ಕೆ ಮಾತ್ರ ಇಷ್ಟು ಕಲಂ ಭತ್ತ ಎಂದು ನಿಗದಿ. ನೆಲವನ್ನು ವೇಲಿ ಎಂಬ ಅಳತೆಯಲ್ಲಿ ಅಳೆದು, ವೇಲಿಯ ಭಾಗ, ಆ ಭಾಗದ ಭಾಗ ಎಂದು ಇಳಿಯುತ್ತ ಹೋಗುತ್ತಾರೆ. ಸುಡುಗಾಡನ್ನೂ ಕೇರಿಯನ್ನೂ ಬೇರೆ ಬೇರೆಯಾಗಿ ಅಳೆದು ಬರೆದಿಟ್ಟ ಒಂದು ಕಂದಾಯ ಇಲಾಖೆ ಇಲ್ಲದೆ ಈ ಪುಟಗಳನ್ನು ಕೆತ್ತಲು ಸಾಧ್ಯವಿರಲಿಲ್ಲ. ರಾಜರಾಜನು 1001ರ ಸುಮಾರಿಗೆ ಮಾಡಿಸಿದ ಭೂಮಾಪನದ ಫಲ ನಮಗೆ ಕಾಣುವುದು ಅರಮನೆಯ ಓಲೆಗಳಲ್ಲಲ್ಲ, ಅವು ಹೋಗಿಬಿಟ್ಟಿವೆ, ಗುಡಿಯ ಗೋಡೆಯಲ್ಲಿ. ಚೋಳ ರಾಜ್ಯವು ಬಿಗಿಯಾದ ಅಧಿಕಾರಶಾಹಿಯೋ, ಸಡಿಲವಾಗಿ ಕಟ್ಟಿದ ನಾಡುಗಳ ಕೂಟವೋ ಎಂದು ಇತಿಹಾಸಕಾರರು ದಶಕಗಳಿಂದ ವಾದಿಸುತ್ತಿದ್ದಾರೆ. ಕಾವೇರಿಯ ಬಯಲಿನ ಮಟ್ಟಿಗೆ, ಸುಡುಗಾಡನ್ನೂ ಅಳೆದ ಈ ಪಟ್ಟಿಯನ್ನು ಓದಿದ ಮೇಲೆ ಸಡಿಲ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ದೂರದ ಗಡಿಗಳಲ್ಲಿ ಕಥೆ ಬೇರೆ ಇದ್ದಿರಬಹುದು.

ಊರುಗಳಿಂದ ಬಂದದ್ದು ಭತ್ತ ಮಾತ್ರವಲ್ಲ, ಜನರೂ ಬಂದರು. ದೇವಾಲಯದ ಕಾವಲುಗಾರರನ್ನು ರಾಜಧಾನಿಯಲ್ಲಿ ನೇಮಿಸಿಕೊಳ್ಳಲಿಲ್ಲ. ಇಂಥ ಊರಿನ ಸಭೆ ಇಷ್ಟು ಜನರನ್ನು ಕಳುಹಿಸಬೇಕು, ಅವರಿಗೆ ವರ್ಷಕ್ಕೆ ತಲಾ ನೂರು ಕಲಂ ಭತ್ತವನ್ನು ಆ ಊರೇ ಅಳೆಯಬೇಕು ಎಂದು ವಿಧಿಸಲಾಯಿತು. ಭಂಡಾರ ನೋಡಿಕೊಳ್ಳುವವರೂ ಲೆಕ್ಕ ಬರೆಯುವವರೂ ಹೀಗೆಯೇ ಬ್ರಹ್ಮದೇಯದ, ಎಂದರೆ ಬ್ರಾಹ್ಮಣರಿಗೆ ದತ್ತಿ ಬಿಟ್ಟ, ಊರುಗಳಿಂದ ಬಂದರು. ಭಂಡಾರಿಗೆ ತನ್ನ ಊರಿನಲ್ಲಿ ನೆಲ, ನೆಂಟರು, ಹಣ ಇರಬೇಕಿತ್ತು. ಓಡಿಹೋದರೆ ಹಿಡಿಯಲು ಹಿಂದೆ ಏನಾದರೂ ಇರಬೇಕಲ್ಲ. ಹೀಗೆ ನೂರಾರು ಊರುಗಳಿಗೆ ತಂಜಾವೂರಿನಲ್ಲಿ ತಮ್ಮವನೊಬ್ಬ ಇದ್ದನು. ತಂಜಾವೂರಿಗೆ ಆ ಊರುಗಳ ಮೇಲೆ ಒಂದು ಹಿಡಿತವಿತ್ತು. ಸೈನ್ಯ ಕಳುಹಿಸದೆಯೇ ರಾಜಧಾನಿಯನ್ನೂ ಹಳ್ಳಿಯನ್ನೂ ಕಟ್ಟಿಹಾಕಿದ ಹಗ್ಗ ಇದು. ಒಂದು ಎಳೆ ಸಾಲ, ಒಂದು ಎಳೆ ಕಂದಾಯ, ಒಂದು ಎಳೆ ಮನುಷ್ಯರು.

ಈಗ ಎಡವಿದ್ದರ ಮಾತು. ಗೋಡೆಯಲ್ಲಿ ಎಲ್ಲವೂ ಸರಿಯಾಗಿದೆ, ಏಕೆಂದರೆ ಗೋಡೆಯಲ್ಲಿ ಇರುವುದು ಸಂಕಲ್ಪ. ಈ ಊರು ಇಷ್ಟು ಭತ್ತ ಅಳೆಯತಕ್ಕದ್ದು ಎಂದಿದೆ, ಅಳೆಯಿತು ಎಂದಿಲ್ಲ. ವರ್ಷವರ್ಷದ ಜಮಾಖರ್ಚು ಓಲೆಗರಿಯ ಮೇಲಿತ್ತು. ಶಾಸನಗಳನ್ನು ಓದುವವರು ಮರೆಯಬಾರದ ಎಚ್ಚರಿಕೆ ಇದು. ಆದರೂ ಆ ವ್ಯವಸ್ಥೆಯ ದುರ್ಬಲ ಜಾಗ ಎಲ್ಲಿ ಎಂಬುದನ್ನು ಅದರದೇ ದರಗಳಿಂದ ತಿಳಿಯಬಹುದು. ಬಡ್ಡಿ ಕಾಶಿನಲ್ಲಿ ಇದ್ದರೆ, ಭತ್ತದ ಬೆಲೆ ಏರಿದಾಗ ದೇವರ ತಟ್ಟೆ ಬರಿದಾಗುತ್ತದೆ. ಬಡ್ಡಿ ಭತ್ತದಲ್ಲಿ ಇದ್ದರೆ ದೇವರು ಸುರಕ್ಷಿತ, ಬರಗಾಲದ ಹೊಡೆತ ಪೂರ್ತಿ ಹಳ್ಳಿಯ ಮೇಲೆ.

ಬರಗಾಲ ಎಂದರೆ ಎಷ್ಟು? ರಾಜರಾಜನ ನಂತರ ಸುಮಾರು ಇನ್ನೂರು ವರ್ಷಕ್ಕೆ, ಮೂರನೆಯ ಕುಲೋತ್ತುಂಗನ ಕಾಲದಲ್ಲಿ, 1201ರಲ್ಲಿ, ತಿರುಪ್ಪಾಂಬುರಂ ಎಂಬ ಊರಿನ ಒಂದು ಶಾಸನವಿದೆ. ಕಾಶಿಗೆ ಮೂರು ನಾಳಿ ಭತ್ತ ಮಾರುತ್ತಿದ್ದ ಕೆಟ್ಟ ಕಾಲದಲ್ಲಿ, ಒಬ್ಬ ವೆಳ್ಳಾಳನು, ಎಂದರೆ ಬೇಸಾಯದ ಕುಲದವನು, ತನ್ನನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅಲ್ಲಿಯ ದೇವಾಲಯಕ್ಕೆ 110 ಕಾಶಿಗೆ ಮಾರಿಕೊಂಡನು. ರಾಜರಾಜನ ಕಾಲದಲ್ಲಿ ಒಂದು ಕಾಶಿಗೆ 192 ನಾಳಿ ಭತ್ತ ಬರುತ್ತಿತ್ತು. ನಡುವೆ ನಾಣ್ಯದ ಗುಣವೂ ಇಳಿದಿತ್ತು, ಆದ್ದರಿಂದ ಎರಡು ಕಾಶುಗಳನ್ನು ನೇರವಾಗಿ ತಕ್ಕಡಿಗೆ ಹಾಕಲಾಗದು. ಆದರೂ ಒಂದು ಕ್ಷಣ ಎಣಿಸಿ ನೋಡಿ. ಕಾಶಿಗೆ ಮೂರು ಕುರುಣಿಯಂತೆ ಬಡ್ಡಿಯ ಹೊಣೆ ಹೊತ್ತ ಹಳ್ಳಿಯೊಂದು ಅಂಥ ವರ್ಷದಲ್ಲಿ ಭತ್ತವನ್ನು ಕೊಂಡು ತುಂಬಬೇಕಾದರೆ, 24 ನಾಳಿಗೆ ಎಂಟು ಕಾಶು ಕೊಡಬೇಕು. ಒಂದು ಕಾಶು ಅಸಲಿಗೆ ಎಂಟು ಕಾಶು ಬಡ್ಡಿ! ಆ ವೆಳ್ಳಾಳನ ಮುಂದೆ ಭತ್ತವಿದ್ದದ್ದು ಗುಡಿಯ ಕಣಜದಲ್ಲಿ ಮಾತ್ರ. ನಿತ್ಯದ ಅನ್ನಕ್ಕಾಗಿ ಕಟ್ಟಿದ ಕಣಜವು ಕೆಟ್ಟ ವರ್ಷದಲ್ಲಿ ಒಂದು ಕುಟುಂಬದ ಪ್ರಾಣ ಉಳಿಸಿತು, ಅವರ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ದೇವಾಲಯಗಳು ಅಂದಿನ ಬ್ಯಾಂಕುಗಳಾಗಿದ್ದವು ಎಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳುವಾಗ ಈ ತಂದೆಯನ್ನೂ ಈ ಇಬ್ಬರು ಹುಡುಗಿಯರನ್ನೂ ಸೇರಿಸಿಕೊಂಡು ಹೇಳಬೇಕು.

ತಂಜಾವೂರಿನ ವಿಷಯದಲ್ಲಿ ಇನ್ನೊಂದು ತೊಡಕು ಅರಸನದೇ. ಇಷ್ಟೆಲ್ಲ ಹಗ್ಗಗಳೂ ಒಬ್ಬ ರಾಜನ ಇಚ್ಛೆಯ ಸುತ್ತ ಹೊಸೆದವು. ರಾಜರಾಜನ ಮಗ ರಾಜೇಂದ್ರನು ರಾಜಧಾನಿಯನ್ನು ಗಂಗೈಕೊಂಡಚೋಳಪುರಕ್ಕೆ ಒಯ್ದು ಅಲ್ಲಿ ತನ್ನದೇ ಹಿರಿಯ ಗುಡಿಯನ್ನು ಕಟ್ಟಿಸಿದನು. ಜನರು ತಾವಾಗಿ ಹರಕೆ ಹೊತ್ತು ತುಂಬಿದ, ದೇವಾರವೆಂಬ ತಮಿಳು ಶಿವಸ್ತುತಿಗಳ ಕವಿಗಳು ಹಾಡಿದ ಹಳೆಯ ಕ್ಷೇತ್ರಗಳಿಗೆ ರಾಜಧಾನಿ ಹೋದರೂ ದಾನಿಗಳು ಬರುತ್ತಾರೆ. ರಾಜನೇ ಹುಟ್ಟುಹಾಕಿದ ಗುಡಿಗೆ ಆ ಬೇರು ಇರುವುದಿಲ್ಲ. ತಂಜಾವೂರಿನ ಗೋಡೆಯಲ್ಲಿ ರಾಜರಾಜನ ಕಾಲದ ಬರಹದ ದಟ್ಟಣೆಯನ್ನೂ ಅನಂತರದ ಶತಮಾನಗಳ ವಿರಳತೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಹದಿಮೂರನೆಯ ಶತಮಾನದಲ್ಲಿ ಪಾಂಡ್ಯ ಮಾರವರ್ಮನ್ ಸುಂದರನು ತಂಜಾವೂರನ್ನು ಸುಟ್ಟೆನೆಂದು ತನ್ನ ಪ್ರಶಸ್ತಿಯಲ್ಲಿ ಹೇಳಿಕೊಂಡನು. ಕಲ್ಲು ಉಳಿಯಿತು.

ಕೊನೆಯದಾಗಿ ಆ ಕಲ್ಲಿನ ಅತ್ಯಂತ ಉದ್ದದ ಪಟ್ಟಿಯ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ರಾಜರಾಜನ 29ನೆಯ ವರ್ಷದ ವೇಳೆಗೆ ಚೋಳನಾಡಿನ ಬೇರೆ ಬೇರೆ ದೇವಾಲಯಗಳಿಂದ ನಾನೂರು ಹೆಂಗಸರನ್ನು ತಂಜಾವೂರಿಗೆ ಕರೆತಂದು ಗುಡಿಯ ಸುತ್ತಲ ಬೀದಿಗಳಲ್ಲಿ ನೆಲೆಗೊಳಿಸಿದರು. ಕಲ್ಲು ಅವರನ್ನು ‘ತಳಿಚ್ಚೇರಿ ಪೆಂಡುಗಳ್’ ಎಂದು ಕರೆಯುತ್ತದೆ, ಗುಡಿಯ ಕೇರಿಯ ಹೆಣ್ಣುಗಳು. ಪ್ರತಿಯೊಬ್ಬಳಿಗೂ ಒಂದು ಪಾಲು, ಒಂದು ಪಾಲು ಎಂದರೆ ಒಂದು ವೇಲಿ ನೆಲದ ಉತ್ಪತ್ತಿ, ನೂರು ಕಲಂ ಭತ್ತ. ನಾನೂರು ಜನರಿಗೆ ವರ್ಷಕ್ಕೆ ನಲವತ್ತು ಸಾವಿರ ಕಲಂ. ಇದನ್ನು ಬಡ್ಡಿಯಿಂದ ತೂಗಿಸುವುದಾದರೆ ಒಂದು ಲಕ್ಷದ ಅರವತ್ತು ಸಾವಿರ ಕಾಶು ಅಸಲು ಬೇಕಾಗುತ್ತಿತ್ತು. ನೈವೇದ್ಯವನ್ನು ಸಾಲದ ಬಡ್ಡಿಯ ಮೇಲೂ ಇಷ್ಟೊಂದು ಜನರ ಜೀವನವನ್ನು ನೆಲದ ಮೇಲೂ ನಿಲ್ಲಿಸಿದ್ದು ಏಕೆಂದು ಈ ಒಂದು ಸಂಖ್ಯೆಯಿಂದ ತಿಳಿಯುತ್ತದೆ. ಅದೇ ಪಟ್ಟಿಯಲ್ಲಿ ಮುಂದೆ ನೃತ್ಯ ಕಲಿಸುವ ನಟ್ಟುವರು, ವಾದ್ಯಗಾರರು, ಕರಣಿಕರು, ದರ್ಜಿಗಳು, ಬಡಗಿಗಳು, ಅಗಸರು, ಕ್ಷೌರಿಕರು ತಮ್ಮ ತಮ್ಮ ಪಾಲಿನೊಡನೆ ಬರುತ್ತಾರೆ.

ಹೆಂಗಸರ ಹೆಸರುಗಳನ್ನು ಮನೆಯ ಗುರುತಿನೊಡನೆ ಬರೆದಿದ್ದಾರೆ. ಯಾವ ಬೀದಿ, ಯಾವ ಸಾಲು, ಎಷ್ಟನೆಯ ಮನೆ, ಯಾವ ಊರಿನ ಯಾವ ಗುಡಿಯಿಂದ ಬಂದವಳು. ದಕ್ಷಿಣದ ಸಾಲಿನ ಮೊದಲ ಮನೆ ತಿರುವೈಯಾರಿನ ಲೋಕಮಹಾದೇವೀಶ್ವರದಿಂದ ಬಂದ ನಕ್ಕನ್ ಚೇರಮಂಗೈಯದು. ಇವರಲ್ಲಿ ಯಾರಾದರೂ ಸತ್ತರೆ ಅಥವಾ ಊರು ಬಿಟ್ಟು ಹೋದರೆ, ಅತಿ ಹತ್ತಿರದ ನೆಂಟರು ಆ ಪಾಲನ್ನು ಪಡೆದು ಕೆಲಸ ಮಾಡಬೇಕು. ಅವರಿಗೆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯರನ್ನು ಅವರೇ ಆರಿಸಿ ನಿಲ್ಲಿಸಬೇಕು. ಕುರಿಗಳ ಹಾಗೆ ನಾನೂರು ಎಂಬ ಸಂಖ್ಯೆಯೂ ಸಾಯುವ ಹಾಗಿಲ್ಲ. ಆದರೆ ಪಟ್ಟಿಯನ್ನು ಎರಡನೆಯ ಸಲ ಕೆತ್ತಲಿಲ್ಲ. ಆದ್ದರಿಂದ ದಕ್ಷಿಣದ ಸಾಲಿನ ಮೊದಲ ಮನೆಯಲ್ಲಿ ಇಂದಿಗೂ ಚೇರಮಂಗೈಯೇ ಇದ್ದಾಳೆ, ಅವಳ ಹೆಸರಿನ ಮುಂದೆ ಪಾಲು ಒಂದು.